ಕಚೇರಿಯ ಇಂಟರ್‌ನೆಟ್ ನುಂಗುತ್ತಿರುವುದು ಯಾರು? ರೂಟರ್‌ನ ಫ್ಲೋ ದಾಖಲೆಯಲ್ಲಿದೆ ಉತ್ತರ

ಕಚೇರಿಯಲ್ಲಿ ಇಂಟರ್‌ನೆಟ್ ನಿಧಾನವಾದರೆ ಮೊದಲು ಅನುಮಾನ ಬೀಳುವುದು ಮೊಬೈಲ್‌ನಲ್ಲಿ ಕ್ರಿಕೆಟ್ ನೋಡುವ ಹುಡುಗರ ಮೇಲೆ. ಎರಡನೆಯದಾಗಿ ಬೈಸಿಕೊಳ್ಳುವುದು ಇಂಟರ್‌ನೆಟ್ ಕೊಟ್ಟ ಕಂಪನಿ. ಆಮೇಲೆ ಎಲ್ಲರೂ ಸೇರಿ ಒಂದು ತೀರ್ಮಾನಕ್ಕೆ ಬರುತ್ತಾರೆ: ಇನ್ನೂ ದೊಡ್ಡ ಲೈನ್ ತೆಗೆದುಕೊಳ್ಳೋಣ. ಆದರೆ ಯಾವ ಯಂತ್ರ ಎಷ್ಟು ಡೇಟಾ ಕಳುಹಿಸಿತು, ಯಾವ ಹೊತ್ತಿನಲ್ಲಿ, ಎಲ್ಲಿಗೆ ಎಂಬ ಲೆಕ್ಕವನ್ನು ಅದೇ ಕಚೇರಿಯ ರೂಟರ್ ಅಥವಾ ಮ್ಯಾನೇಜ್ಡ್ ಸ್ವಿಚ್ ಕೊಡಬಲ್ಲದು. ಅದನ್ನು ಕೇಳುವವರು ಕಡಿಮೆ, ಅಷ್ಟೇ.

ಈ ಲೆಕ್ಕ ಹೇಗೆ ಸಿಗುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ತಿಳಿಯಲು ಒಂದು ಕಲ್ಪಿತ ಉದಾಹರಣೆ ನೋಡೋಣ. ವಾಹನಗಳ ಬಿಡಿಭಾಗ ತಯಾರಿಸುವ ಒಂದು ಸಂಸ್ಥೆ ಇದೆ ಎಂದಿಟ್ಟುಕೊಳ್ಳಿ. ಮುಖ್ಯ ಕಚೇರಿ ಮಹಾರಾಷ್ಟ್ರದ ನಾಸಿಕ್‌ನ ಸಾತಪುರ ಕೈಗಾರಿಕಾ ಪ್ರದೇಶದಲ್ಲಿ, ಶಾಖೆ ಛತ್ರಪತಿ ಸಂಭಾಜಿನಗರದ (ಹಿಂದಿನ ಔರಂಗಾಬಾದ್) ವಾಳೂಜ್‌ನಲ್ಲಿ. ಶಾಖೆಗೆ 50 ಎಂಬಿಪಿಎಸ್ ಲೀಸ್ಡ್ ಲೈನ್ ಇದೆ. ಅಂದರೆ ಅಪ್‌ಲೋಡ್‌ಗೂ 50, ಡೌನ್‌ಲೋಡ್‌ಗೂ 50. ಲೆಕ್ಕಪತ್ರದ ಸಾಫ್ಟ್‌ವೇರ್ ಇರುವ ಸರ್ವರ್ ನಾಸಿಕ್‌ನಲ್ಲಿದೆ. ಸಂಭಾಜಿನಗರದವರು ವಿಪಿಎನ್ ಮೂಲಕ ಅದರ ಪರದೆಯನ್ನು ತಮ್ಮ ಕಂಪ್ಯೂಟರ್‌ನಲ್ಲಿ ತೆರೆದು ಬಿಲ್ ಮಾಡುತ್ತಾರೆ.

ಶಾಖೆಯ ದೂರು ಇಷ್ಟು: ದಿನಾ ಬೆಳಿಗ್ಗೆ 11 ಗಂಟೆಗೆ ಪರದೆ ಹಿಡಿದುಕೊಳ್ಳುತ್ತದೆ. ಒಂದು ಅಕ್ಷರ ಒತ್ತಿದರೆ ಅದು ಕಾಣಿಸಿಕೊಳ್ಳಲು ಎರಡು ಸೆಕೆಂಡು. ಮುಕ್ಕಾಲು ಗಂಟೆ ಕಳೆದರೆ ತಾನಾಗಿಯೇ ಸರಿಹೋಗುತ್ತದೆ. ಲಾರಿ ಗೇಟಿನಲ್ಲಿ ನಿಂತಿರುತ್ತದೆ, ಇನ್‌ವಾಯ್ಸ್ ಹೊರಗೆ ಬರುವುದಿಲ್ಲ. ಶಾಖೆಯ ಮ್ಯಾನೇಜರ್‌ಗೆ ಹುಡುಗರ ಮೊಬೈಲ್ ಮೇಲೆ ಸಂಶಯ. 200 ಎಂಬಿಪಿಎಸ್ ಲೈನ್‌ನ ಕೊಟೇಶನ್ ಆಗಲೇ ಮೇಜಿನ ಮೇಲಿದೆ.

ಗ್ರಾಫ್ ಹೇಳುವುದು ಅರ್ಧ ಮಾತ್ರ

ರೂಟರ್‌ನ ಸಾಮಾನ್ಯ ಟ್ರಾಫಿಕ್ ಗ್ರಾಫ್ ತೆರೆದರೆ ಒಂದು ಸಂಗತಿ ಕೂಡಲೇ ತಿಳಿಯುತ್ತದೆ. 11 ರಿಂದ 11.45ರವರೆಗೆ ಅಪ್‌ಲೋಡ್ ಗೆರೆ 50ಕ್ಕೆ ಮುಟ್ಟಿ ಅಲ್ಲೇ ನಿಂತಿದೆ, ಡೌನ್‌ಲೋಡ್ ಗೆರೆ ಮಾತ್ರ ಕೆಳಗೇ ಇದೆ. ಕ್ರಿಕೆಟ್ ನೋಡುವವರು ಡೇಟಾ ಕೆಳಗಿಳಿಸಿಕೊಳ್ಳುತ್ತಾರೆ, ಮೇಲಕ್ಕೆ ಕಳುಹಿಸುವುದಿಲ್ಲ. ಹಾಗಾಗಿ ಹುಡುಗರ ಮೇಲಿನ ಆರೋಪ ಇಲ್ಲೇ ಮುಕ್ಕಾಲು ಪಾಲು ಬಿದ್ದುಹೋಗುತ್ತದೆ. ಬಿಲ್ ಮಾಡುವವರು ಒತ್ತಿದ ಅಕ್ಷರಗಳು ತುಂಬಿದ ಅಪ್‌ಲೋಡ್ ಸಾಲಿನಲ್ಲಿ ಸರದಿ ಕಾಯುತ್ತಿವೆ, ಅದಕ್ಕೇ ಈ ತಡ.

ಆದರೆ ಸಾಲು ತುಂಬಿಸಿದ್ದು ಯಾರು ಎಂದು ಈ ಗ್ರಾಫ್ ಹೇಳುವುದಿಲ್ಲ. ಅದು ಮನೆಯ ಕರೆಂಟ್ ಮೀಟರ್ ಇದ್ದ ಹಾಗೆ. ಒಟ್ಟು ಯೂನಿಟ್ ತೋರಿಸುತ್ತದೆ, ಗೀಸರ್ ಎಷ್ಟು, ಫ್ರಿಜ್ ಎಷ್ಟು ಎಂದು ಬಿಡಿಸುವುದಿಲ್ಲ. ಬಿಡಿಸಿ ಹೇಳಲು ಬೇಕಾಗುವುದೇ ಫ್ಲೋ ದಾಖಲೆ.

ಫೋನ್ ಬಿಲ್‌ನಂಥ ದಾಖಲೆ

ಹಿಂದೆ ಲ್ಯಾಂಡ್‌ಲೈನ್‌ಗೆ ಬರುತ್ತಿದ್ದ ವಿವರವಾದ ಬಿಲ್ ನೆನಪಿಸಿಕೊಳ್ಳಿ. ಯಾವ ನಂಬರಿಗೆ, ಎಷ್ಟು ಗಂಟೆಗೆ, ಎಷ್ಟು ನಿಮಿಷ ಎಂದು ಅದರಲ್ಲಿ ಇರುತ್ತಿತ್ತು. ಏನು ಮಾತಾಡಿದಿರಿ ಎಂದು ಇರುತ್ತಿರಲಿಲ್ಲ. ಫ್ಲೋ ದಾಖಲೆಯೂ ಅದೇ ಜಾತಿಯದು. ಕಳುಹಿಸಿದ ಯಂತ್ರದ ಐಪಿ ವಿಳಾಸ, ಪಡೆದ ಯಂತ್ರದ ವಿಳಾಸ, ಎರಡೂ ಕಡೆಯ ಪೋರ್ಟ್ ಸಂಖ್ಯೆ, ಪ್ರೊಟೊಕಾಲ್, ಶುರುವಾದ ಹಾಗೂ ಮುಗಿದ ಸಮಯ, ಒಟ್ಟು ಬೈಟ್‌ಗಳು. ಇವೆಲ್ಲ ಒಂದೇ ಸಾಲಿನಲ್ಲಿ. ಹೋಗುವ ದಿಕ್ಕಿಗೆ ಒಂದು ಸಾಲು, ಬರುವ ದಿಕ್ಕಿಗೆ ಇನ್ನೊಂದು.

ಇದನ್ನು 1996ರ ಸುಮಾರಿಗೆ ತಂದದ್ದು ಸಿಸ್ಕೊ ಕಂಪನಿ, ನೆಟ್‌ಫ್ಲೋ ಎಂಬ ಹೆಸರಿನಲ್ಲಿ. ಅದರ 9ನೇ ಆವೃತ್ತಿಯನ್ನು ಆಧರಿಸಿ ಐಪಿಫಿಕ್ಸ್ ಎಂಬ ಸಾರ್ವತ್ರಿಕ ಮಾನದಂಡ ಬಂತು. ಹಲವು ಮ್ಯಾನೇಜ್ಡ್ ಸ್ವಿಚ್‌ಗಳು ಎಸ್‌ಫ್ಲೋ ಎಂಬ ಬೇರೆ ವಿಧಾನ ಬಳಸುತ್ತವೆ, ಅದರ ವಿಷಯ ಮುಂದೆ ಬರುತ್ತದೆ. ರೂಟರ್ ಈ ಸಾಲುಗಳನ್ನು ತನ್ನಲ್ಲಿ ಬಹಳ ಹೊತ್ತು ಇಟ್ಟುಕೊಳ್ಳುವುದಿಲ್ಲ. ಕಚೇರಿಯ ಒಂದು ಕಂಪ್ಯೂಟರ್‌ಗೆ ಕಳುಹಿಸುತ್ತಿರುತ್ತದೆ. ಅಲ್ಲಿ nfdump ನಂಥ ಉಚಿತ ಸಾಫ್ಟ್‌ವೇರ್ ಅವನ್ನು ಶೇಖರಿಸಿ, ಕೇಳಿದಾಗ ಪಟ್ಟಿ ಮಾಡಿ ಕೊಡುತ್ತದೆ.

ನಮ್ಮ ಉದಾಹರಣೆಯ ಶಾಖೆಯಲ್ಲಿರುವುದು ಮೈಕ್ರೋಟಿಕ್ ರೂಟರ್ ಎಂದುಕೊಂಡರೆ, ಅದಕ್ಕೆ ಕೊಡಬೇಕಾದ ಆದೇಶ ಎರಡೇ ಸಾಲು:

```
/ip traffic-flow set enabled=yes interfaces=bridge active-flow-timeout=1m
/ip traffic-flow target add dst-address=192.168.20.50 port=2055 version=9
```

ಇಲ್ಲಿ 192.168.20.50 ಎಂಬುದು ದಾಖಲೆ ಶೇಖರಿಸುವ ಶಾಖೆಯ ಕಂಪ್ಯೂಟರ್. ಸಾಲು ಎರಡೇ ಆದರೂ ಅದರೊಳಗೆ ಎರಡು ನಿರ್ಧಾರಗಳಿವೆ. `interfaces=bridge` ಮತ್ತು `active-flow-timeout=1m`. ಇವೆರಡರಲ್ಲಿ ಯಾವುದು ತಪ್ಪಿದರೂ ಪಟ್ಟಿ ಬರುತ್ತದೆ, ನೋಡಲು ಚೆನ್ನಾಗಿಯೂ ಇರುತ್ತದೆ, ಆದರೆ ನಂಬುವಂತಿರುವುದಿಲ್ಲ.

ಎಲ್ಲಿ ನಿಂತು ಎಣಿಸಬೇಕು?

ತುಂಬಿರುವುದು ಇಂಟರ್‌ನೆಟ್ ಲೈನ್ ತಾನೇ, ಅಲ್ಲೇ ಎಣಿಸಿದರಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಅಲ್ಲಿ ಎಣಿಸಿದರೆ ಪಟ್ಟಿಯ ತುದಿಯಲ್ಲಿ ಕಾಣುವುದು ರೂಟರ್‌ನದೇ ವಿಳಾಸ! ಏಕೆಂದರೆ ಹೊರಗೆ ಹೋಗುವಾಗ ಕಚೇರಿಯ ಎಲ್ಲ ಕಂಪ್ಯೂಟರ್‌ಗಳ ಒಳವಿಳಾಸಗಳೂ ನ್ಯಾಟ್ ಎಂಬ ವ್ಯವಸ್ಥೆಯಲ್ಲಿ ಒಂದೇ ಹೊರವಿಳಾಸವಾಗಿ ಬದಲಾಗುತ್ತವೆ. ನಾಸಿಕ್‌ಗೆ ಹೋಗುವ ಡೇಟಾ ವಿಪಿಎನ್ ಸುರಂಗದಲ್ಲಿ ಹೋಗುವುದರಿಂದ ಹೊರಗಿನಿಂದ ಅದು ಒಂದು ರೂಟರ್ ಇನ್ನೊಂದು ರೂಟರ್ ಜತೆ ಮಾತಾಡಿದಂತೆ ಮಾತ್ರ ಕಾಣುತ್ತದೆ. ಒಳಗೆ ಯಾರಿದ್ದಾರೆಂದು ತಿಳಿಯುವುದಿಲ್ಲ.

ಹಾಗಾಗಿ ಎಣಿಕೆ ಕಚೇರಿಯ ಒಳಭಾಗದಲ್ಲಿ, ವಿಳಾಸ ಬದಲಾಗುವ ಮೊದಲು ನಡೆಯಬೇಕು. ಮೇಲಿನ ಆದೇಶದಲ್ಲಿ `bridge` ಎಂದಿರುವುದು ಅದಕ್ಕೇ, ಅದು ಒಳಗಿನ ಕಂಪ್ಯೂಟರ್‌ಗಳು ಸೇರುವ ಜಾಗದ ಹೆಸರು. ನಿಮ್ಮ ರೂಟರ್‌ನಲ್ಲಿ ಅದಕ್ಕೆ ಬೇರೆ ಹೆಸರಿರಬಹುದು.

ಇದರ ಎದುರು ತಪ್ಪೂ ಇದೆ. ನಾಸಿಕ್ ರೂಟರ್‌ನಲ್ಲೂ ಸಂಭಾಜಿನಗರ ರೂಟರ್‌ನಲ್ಲೂ ಎಣಿಸಿ ಎರಡನ್ನೂ ಒಂದೇ ಕಡೆ ಸುರಿದರೆ, ಎರಡೂ ಊರುಗಳನ್ನು ದಾಟಿದ ಪ್ರತಿ ಫೈಲ್ ಎರಡು ಬಾರಿ ಲೆಕ್ಕಕ್ಕೆ ಬರುತ್ತದೆ. ಶಾಖೆಯ ಪಟ್ಟಿಗೆ ಶಾಖೆಯ ರೂಟರ್ ಒಂದೇ ಸಾಕು.

ಇಡೀ ದಿನದ ಪಟ್ಟಿ ತೋರಿಸಿದ ತಪ್ಪು ಕಳ್ಳ

ಒಂದು ದಿನದ ದಾಖಲೆ ಶೇಖರವಾಯಿತು ಎನ್ನಿ. ಸಹಜವಾಗಿ ಇಡೀ ದಿನದ ಪಟ್ಟಿ ತೆಗೆಯುತ್ತಾರೆ. ಮೊದಲ ಸ್ಥಾನದಲ್ಲಿ ಸಿಸಿಟಿವಿ ರೆಕಾರ್ಡರ್: 43.2 ಜಿಬಿ. ಎರಡನೇ ಸ್ಥಾನದಲ್ಲಿ 192.168.20.12 ಎಂಬ ಯಂತ್ರ: 13.5 ಜಿಬಿ. ಸಿಸಿಟಿವಿಯೇ ಕಾರಣ ಎಂದು ಅದನ್ನು ಬಂದ್ ಮಾಡಿಸಿದರೆ, ಮರುದಿನ 11ಕ್ಕೆ ಪರದೆ ಮತ್ತೆ ಹಿಡಿದುಕೊಳ್ಳುತ್ತದೆ.

ಕಾರಣ ಸರಳ ಗಣಿತದಲ್ಲಿದೆ. ಸಿಸಿಟಿವಿ ದೃಶ್ಯಗಳು 4 ಎಂಬಿಪಿಎಸ್ ವೇಗದಲ್ಲಿ ಹಗಲೂ ರಾತ್ರಿ ಹೊರಗೆ ಹೋಗುತ್ತಿವೆ. 4 ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಅರ್ಧ ಎಂಬಿ. ದಿನಕ್ಕೆ 86,400 ಸೆಕೆಂಡು, ಅಲ್ಲಿಗೆ 43.2 ಜಿಬಿ ಆಯಿತು. ಅದು ಹನಿಹನಿಯಾಗಿ ಸೇರಿದ ರಾಶಿ, ಯಾವ ಹೊತ್ತಿನಲ್ಲೂ 50ರ ಲೈನಿನಲ್ಲಿ 4ಕ್ಕಿಂತ ಹೆಚ್ಚು ಜಾಗ ಅದಕ್ಕೆ ಬೇಕಿಲ್ಲ. ದೂರು ಬಂದಿರುವುದು ಮುಕ್ಕಾಲು ಗಂಟೆಯ ಬಗ್ಗೆ. ಹಾಗಾದರೆ ಪಟ್ಟಿಯೂ ಅದೇ ಮುಕ್ಕಾಲು ಗಂಟೆಯದಾಗಿರಬೇಕು:

```
nfdump -R /data/flows -t 2025/06/16.11:00:00-2025/06/16.11:45:00 \
  -s srcip/bytes -n 10 \
  'src net 192.168.20.0/24 and not dst net 192.168.20.0/24'
```

ಶಾಖೆಯ ಒಳಗಿನಿಂದ ಹೊರಟು ಹೊರಗೆ ಹೋದ ಡೇಟಾವನ್ನು ಮಾತ್ರ ತೆಗೆದುಕೊಂಡು, ಕಳುಹಿಸಿದ ಯಂತ್ರದ ಪ್ರಕಾರ ಕೂಡಿಸಿ, ಮೊದಲ ಹತ್ತನ್ನು ತೋರಿಸು ಎಂಬುದು ಇದರ ಅರ್ಥ. ಈಗ ಪಟ್ಟಿ ತಲೆಕೆಳಗಾಗುತ್ತದೆ. 192.168.20.12 ಕಳುಹಿಸಿದ್ದು 13.5 ಜಿಬಿ. ಸಿಸಿಟಿವಿ 1.35 ಜಿಬಿ. ಉಳಿದ ಎಲ್ಲರದ್ದೂ ಸೇರಿ ಸುಮಾರು 2 ಜಿಬಿ.

ಈ ಪಟ್ಟಿಯನ್ನು ನಂಬುವ ಮೊದಲು ಒಂದು ಪರೀಕ್ಷೆ ಮಾಡಬೇಕು. 50 ಎಂಬಿಪಿಎಸ್ ಲೈನ್ 45 ನಿಮಿಷ ಪೂರ್ತಿ ತುಂಬಿ ಹರಿದರೂ ಸಾಗಿಸಬಲ್ಲದ್ದು ಸುಮಾರು 16.9 ಜಿಬಿ. ನಮ್ಮ ಪಟ್ಟಿಯ ಮೊತ್ತವೂ ಅಷ್ಟೇ ಇದೆ. ಗ್ರಾಫ್ ಸಹ ಲೈನ್ ತುಂಬಿತ್ತು ಎಂದೇ ಹೇಳಿತ್ತು. ಮೂರೂ ತಾಳೆಯಾದವು. ವಿಪಿಎನ್ ಸುರಂಗ ಪ್ರತಿ ಪ್ಯಾಕೆಟ್‌ಗೂ ಒಂದಿಷ್ಟು ಹೊದಿಕೆ ಸೇರಿಸುವುದರಿಂದ ನಿಜ ಜೀವನದಲ್ಲಿ ಇಷ್ಟು ಕರಾರುವಾಕ್ಕಾಗಿ ಕೂಡಿಬರುವುದಿಲ್ಲ, ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಮೊತ್ತ 34 ಜಿಬಿ ಬಂದಿದ್ದರೆ ಮಾತ್ರ ಎಲ್ಲೋ ಎರಡು ಬಾರಿ ಎಣಿಕೆಯಾಗಿದೆ ಎಂದು ತಿಳಿಯಬೇಕು. 8 ಜಿಬಿ ಬಂದಿದ್ದರೆ ದಾಖಲೆಗಳು ದಾರಿಯಲ್ಲಿ ಕಳೆದುಹೋಗಿವೆ, ಇಲ್ಲವೇ ಒಂದಿಷ್ಟು ಟ್ರಾಫಿಕ್ ರೂಟರ್ ಎಣಿಸುವ ಜಾಗವನ್ನೇ ಮುಟ್ಟುತ್ತಿಲ್ಲ. ಈ ದಾಖಲೆಗಳು ಯುಡಿಪಿ ಮೂಲಕ ಹೋಗುತ್ತವೆ. ಒಂದು ಕಳೆದರೆ ರೂಟರ್ ಮತ್ತೆ ಕಳುಹಿಸುವುದಿಲ್ಲ.

5 ನಿಮಿಷದಲ್ಲಿ 9 ಜಿಬಿ ಹೇಗೆ ಸಾಧ್ಯ?

ಇನ್ನು ಆ `1m`. ದೊಡ್ಡ ಫೈಲ್ ವರ್ಗಾವಣೆ ಎಂದರೆ ಮುಗಿಯದ ಫೋನ್ ಕರೆ ಇದ್ದಂತೆ. ಕರೆ ಮುಗಿಯುವವರೆಗೆ ರೂಟರ್ ಸುಮ್ಮನೆ ಕೂರುವುದಿಲ್ಲ, ಇಂತಿಷ್ಟು ಹೊತ್ತಿಗೊಮ್ಮೆ ಅಲ್ಲಿಯವರೆಗಿನ ಲೆಕ್ಕ ಕಳುಹಿಸುತ್ತದೆ. ಮೈಕ್ರೋಟಿಕ್‌ನಲ್ಲಿ ನಾವು ಬದಲಿಸದಿದ್ದರೆ ಈ ಅವಧಿ 30 ನಿಮಿಷ. ಸಿಸ್ಕೊ ರೂಟರ್‌ಗಳಲ್ಲೂ ಸಾಮಾನ್ಯವಾಗಿ ಇಷ್ಟೇ.

ಹಾಗೆಯೇ ಬಿಟ್ಟಿದ್ದರೆ ಏನಾಗುತ್ತಿತ್ತು? 11ಕ್ಕೆ ಶುರುವಾದ ವರ್ಗಾವಣೆಯ ಮೊದಲ ದಾಖಲೆ ಬರುವುದೇ 11.30ಕ್ಕೆ. 40 ಎಂಬಿಪಿಎಸ್‌ನಲ್ಲಿ ಅರ್ಧ ಗಂಟೆ ಎಂದರೆ 9 ಜಿಬಿ, ಅಷ್ಟೂ ಒಂದೇ ಸಲ ಬಂದು ಬೀಳುತ್ತದೆ. nfdump ಜತೆ ಬರುವ ಶೇಖರಣಾ ಸಾಫ್ಟ್‌ವೇರ್ ಸಾಮಾನ್ಯವಾಗಿ 5 ನಿಮಿಷಕ್ಕೊಂದು ಫೈಲ್ ಮಾಡುತ್ತದೆ. 11.15ರ ಫೈಲ್ ತೆರೆದು ನೋಡಿದವರಿಗೆ ಆ ಯಂತ್ರದ ಸುಳಿವೇ ಸಿಗುವುದಿಲ್ಲ. ಹಬ್ಬುತ್ತಿರುವ ತೊಂದರೆಯ ನಟ್ಟನಡುವೆಯೇ ಅದು ನಿರಪರಾಧಿಯಂತೆ ಕಾಣುತ್ತದೆ.

ಈ ತಪ್ಪನ್ನು ಪತ್ತೆಹಚ್ಚುವುದು ಸುಲಭ. 50 ಎಂಬಿಪಿಎಸ್ ಲೈನ್ 5 ನಿಮಿಷದಲ್ಲಿ ಸಾಗಿಸಬಲ್ಲದ್ದು 1.9 ಜಿಬಿಗೂ ಕಡಿಮೆ. ಒಂದು 5 ನಿಮಿಷದ ಫೈಲಿನಲ್ಲಿ 9 ಜಿಬಿ ಕಂಡರೆ ಅದು ಆ 5 ನಿಮಿಷದ ಡೇಟಾ ಅಲ್ಲವೇ ಅಲ್ಲ. ಅವಧಿಯನ್ನು 1 ನಿಮಿಷಕ್ಕೆ ಇಳಿಸಿದರೆ ದಾಖಲೆಗಳ ಸಂಖ್ಯೆ ಒಂದಿಷ್ಟು ಹೆಚ್ಚುತ್ತದೆ, ಆದರೆ ಪ್ರತಿ ಬೈಟ್ ತನ್ನ ಹೊತ್ತಿನ ಹತ್ತಿರವೇ ಬಂದು ಕೂರುತ್ತದೆ.

ಸ್ವಿಚ್ ಎಣಿಸುವುದಿಲ್ಲ, ಅಂದಾಜು ಮಾಡುತ್ತದೆ

ರೂಟರ್‌ಗೆ ಈ ಸೌಲಭ್ಯ ಇಲ್ಲದ ಕಚೇರಿಗಳಲ್ಲಿ ಮ್ಯಾನೇಜ್ಡ್ ಸ್ವಿಚ್‌ನ ಎಸ್‌ಫ್ಲೋ ನೆರವಿಗೆ ಬರುತ್ತದೆ. ಅದು ಎಲ್ಲ ಪ್ಯಾಕೆಟ್‌ಗಳನ್ನೂ ಎಣಿಸುವುದಿಲ್ಲ. ಸರಾಸರಿ ಸಾವಿರಕ್ಕೊಂದರಂತೆ ಆರಿಸಿ, ಬಂದದ್ದನ್ನು ಸಾವಿರದಿಂದ ಗುಣಿಸುತ್ತದೆ. ಅನ್ನ ಬೆಂದಿದೆಯೇ ಎಂದು ಅಗುಳು ಒತ್ತಿ ನೋಡುವ ವಿದ್ಯೆ. ಎಷ್ಟು ಅಗುಳು ಒತ್ತಿದಿರಿ ಎಂಬುದರ ಮೇಲೆ ನಂಬಿಕೆ ನಿಂತಿದೆ.

ಇದಕ್ಕೊಂದು ಪ್ರಸಿದ್ಧ ಸೂತ್ರವಿದೆ. ಒಂದು ಯಂತ್ರದ ಹೆಸರಿನಲ್ಲಿ ಸಿಕ್ಕ ಮಾದರಿಗಳ ಸಂಖ್ಯೆಯ ವರ್ಗಮೂಲದಿಂದ 196 ಅನ್ನು ಭಾಗಿಸಿದರೆ, ಪ್ಯಾಕೆಟ್ ಎಣಿಕೆಯಲ್ಲಿ ಶೇಕಡಾ ಎಷ್ಟು ಹೆಚ್ಚುಕಡಿಮೆ ಆಗಬಹುದು ಎಂಬುದು ಸಿಗುತ್ತದೆ. 13.5 ಜಿಬಿ ಕಳುಹಿಸಿದ ಯಂತ್ರ 1,500 ಬೈಟ್‌ನ ಪ್ಯಾಕೆಟ್‌ಗಳಲ್ಲಿ ಕಳುಹಿಸಿದೆ ಎಂದರೆ 90 ಲಕ್ಷ ಪ್ಯಾಕೆಟ್. ಸಾವಿರಕ್ಕೊಂದರಂತೆ 9,000 ಮಾದರಿ. ತಪ್ಪು ಹೆಚ್ಚೆಂದರೆ ಶೇ.2ರ ಆಸುಪಾಸು. ಕೇವಲ 15 ಎಂಬಿ ಕಳುಹಿಸಿದ ಕಂಪ್ಯೂಟರ್‌ನದು 10 ಮಾದರಿ ಮಾತ್ರ. ಅಲ್ಲಿ ತಪ್ಪು ಶೇ.60 ದಾಟುತ್ತದೆ. ಅಂದರೆ ಪಟ್ಟಿಯ ಮೊದಲ ಹೆಸರನ್ನು ಧೈರ್ಯವಾಗಿ ನಂಬಬಹುದು. 15ನೇ ಸ್ಥಾನದಲ್ಲಿರುವವರು 16ನೇಯವರಿಗಿಂತ ಹೆಚ್ಚು ಬಳಸಿದರೇ ಎಂದು ವಾದಿಸುವುದರಲ್ಲಿ ಅರ್ಥವಿಲ್ಲ.

ಸಿಕ್ಕಿಬಿದ್ದ 192.168.20.12

ಐಪಿ ವಿಳಾಸ ವ್ಯಕ್ತಿಯ ಹೆಸರಲ್ಲ. ಇವತ್ತು ಈ ವಿಳಾಸ ಒಬ್ಬರ ಲ್ಯಾಪ್‌ಟಾಪ್‌ಗೆ ಸಿಕ್ಕಿದ್ದರೆ ನಾಳೆ ಇನ್ನೊಬ್ಬರ ಫೋನ್‌ಗೆ ಸಿಗಬಹುದು. ಆ ಹೊತ್ತಿನಲ್ಲಿ ಅದು ಯಾವ ಯಂತ್ರದ್ದಾಗಿತ್ತು ಎಂಬುದನ್ನು ವಿಳಾಸ ಹಂಚುವ ಡಿಎಚ್‌ಸಿಪಿ ದಾಖಲೆಯಲ್ಲಿ ನೋಡಿಯೇ ಮುಂದಿನ ಮಾತು. ಹೆಸರು ಹಿಡಿದು ಕರೆದು ವಿಚಾರಿಸುವ ಮೊದಲು ಈ ಒಂದು ಹೆಜ್ಜೆ ತಪ್ಪಿಸಬಾರದು. ಆ ಯಂತ್ರ ಯಾರ ಜತೆ ಮಾತಾಡಿತು ಎಂಬುದೂ ಬೇಕು:

```
nfdump -R /data/flows -t 2025/06/16.11:00:00-2025/06/16.11:45:00 \
  -A srcip,dstip,dstport -O bytes -n 5 'src ip 192.168.20.12'
```

ಉತ್ತರ: ಬಹುತೇಕ ಎಲ್ಲವೂ ನಾಸಿಕ್‌ನ ಒಂದು ಸರ್ವರ್‌ನ 445ನೇ ಪೋರ್ಟ್‌ಗೆ ಹೋಗಿದೆ. ಅದು ವಿಂಡೋಸ್ ಮಾದರಿಯ ಫೈಲ್ ಹಂಚಿಕೆಯ ಪೋರ್ಟ್. ಡಿಎಚ್‌ಸಿಪಿ ದಾಖಲೆಯ ಪ್ರಕಾರ ಆ ಯಂತ್ರ ಯಾರ ಕಂಪ್ಯೂಟರೂ ಅಲ್ಲ. ಡ್ರಾಯಿಂಗ್ ಫೈಲ್‌ಗಳನ್ನು ಇಡುವ ಶಾಖೆಯ ಸ್ಟೋರೇಜ್ ಪೆಟ್ಟಿಗೆ ಅದು. ದಿನಕ್ಕೊಮ್ಮೆ ನಾಸಿಕ್‌ಗೆ ಬ್ಯಾಕಪ್ ಕಳುಹಿಸುತ್ತದೆ. ಬ್ಯಾಕಪ್ ಇಟ್ಟವರು ಸಮಯವನ್ನು ಬೆಳಗಿನ 5.30 ಎಂದೇ ಹಾಕಿದ್ದಾರೆ, ಯಾರೂ ಕಚೇರಿಗೆ ಬರುವ ಮೊದಲು ಮುಗಿಯಲಿ ಎಂದು. ಆದರೆ ಪೆಟ್ಟಿಗೆಯ ಗಡಿಯಾರವನ್ನು ಭಾರತೀಯ ಕಾಲಮಾನಕ್ಕೆ ಬದಲಿಸಿಯೇ ಇಲ್ಲ, ಅದು ಯುಟಿಸಿಯಲ್ಲಿದೆ. ಯುಟಿಸಿಗೂ ನಮಗೂ ಐದೂವರೆ ಗಂಟೆಯ ಅಂತರ. ಅದರ 5.30 ಎಂದರೆ ನಮ್ಮ 11 ಗಂಟೆ.

ಇದೇ ಗಡಿಯಾರದ ತೊಡಕು ಫ್ಲೋ ದಾಖಲೆಗೂ ಇದೆ. ರೂಟರ್ ಸಮಯ ತಪ್ಪಿದ್ದರೆ, ಅಥವಾ ಪಟ್ಟಿ ತೆಗೆಯುವ ಕಂಪ್ಯೂಟರ್ ಯುಟಿಸಿಯಲ್ಲಿದ್ದರೆ, 11 ಗಂಟೆಯದೆಂದು ತೆಗೆದ ಪಟ್ಟಿ ಬೇರೆ ಹೊತ್ತಿನದಾಗಿರುತ್ತದೆ. ಎರಡೂ ಊರಿನ ಯಂತ್ರಗಳು ಒಂದೇ ಸಮಯ ಸರ್ವರ್ ನೋಡುವಂತೆ ಮಾಡುವುದು ಮೊದಲ ಕೆಲಸ. ಭಾರತದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲೂ ಯಂತ್ರಗಳ ಗಡಿಯಾರವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯ ಸರ್ವರ್‌ಗೆ ಹೊಂದಿಸಿಕೊಳ್ಳುವ ಮಾತಿದೆ. ಕಂಪನಿಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಪಾಡಬೇಕೆಂದೂ ಅದೇ ನಿರ್ದೇಶನ ಹೇಳುತ್ತದೆ.

ಪಟ್ಟಿಗೆ ಕಾಣದ್ದು

ಇಲ್ಲಿ ದೊಡ್ಡ ಪಾಲು ಕಚೇರಿಯಿಂದ ಕಚೇರಿಗೆ ಹೋದದ್ದರಿಂದ ಗುರುತು ಹಿಡಿಯುವುದು ಸುಲಭವಾಯಿತು. ಟ್ರಾಫಿಕ್ ಇಂಟರ್‌ನೆಟ್‌ಗೆ ಹೋಗಿದ್ದರೆ ಬಹುಪಾಲು 443ನೇ ಪೋರ್ಟ್ ಎಂದೇ ಕಾಣುತ್ತದೆ. ಅದು ಕಚೇರಿಯ ಇಮೇಲೋ, ವಿಡಿಯೊ ಸಭೆಯೋ, ಸಿನಿಮಾವೋ ಎಂದು ಫ್ಲೋ ದಾಖಲೆಯಿಂದ ಖಚಿತವಾಗಿ ಹೇಳಲಾಗದು. ಒಂದೇ ವಿಳಾಸದ ಹಿಂದೆ ಹತ್ತಾರು ಸೇವೆಗಳು ಇರುತ್ತವೆ.

ಹಾಗೆಂದು ಈ ದಾಖಲೆ ಏನನ್ನೂ ಬಯಲು ಮಾಡುವುದಿಲ್ಲ ಎಂದುಕೊಳ್ಳುವುದೂ ತಪ್ಪು. ಮಾತು ಕೇಳದಿದ್ದರೂ, ಯಾರು ಯಾವ ಹೊತ್ತಿನಲ್ಲಿ ಯಾವ ವಿಳಾಸಕ್ಕೆ ಹೋದರು ಎಂಬುದು ತಿಂಗಳುಗಟ್ಟಲೆ ಅದರಲ್ಲಿ ಉಳಿಯುತ್ತದೆ. ಡಿಎಚ್‌ಸಿಪಿ ದಾಖಲೆಯ ಜತೆ ಜೋಡಿಸಿದರೆ ಅದು ಒಬ್ಬ ನೌಕರನ ದಿನಚರಿಯೇ ಆಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ವ್ಯಕ್ತಿಯನ್ನು ಗುರುತಿಸಬಲ್ಲ ಯಾವುದೇ ಡೇಟಾ ವೈಯಕ್ತಿಕ ಡೇಟಾವೇ. ಇಂಥ ದಾಖಲೆ ಇಡುತ್ತಿದ್ದೇವೆ ಎಂದು ಸಿಬ್ಬಂದಿಗೆ ಮೊದಲೇ ತಿಳಿಸುವುದು, ಕಚ್ಚಾ ದಾಖಲೆಯನ್ನು ನೆಟ್‌ವರ್ಕ್ ನೋಡಿಕೊಳ್ಳುವವರ ಕೈಯಲ್ಲಷ್ಟೇ ಇಡುವುದು ಒಳ್ಳೆಯದು. ಮ್ಯಾನೇಜರ್‌ಗೆ ಬೇಕಿದ್ದದ್ದು ಲೈನ್ ಯಾಕೆ ತುಂಬಿತು ಎಂಬ ಉತ್ತರ ಮಾತ್ರ. ಅದಕ್ಕೆ ಯಂತ್ರಗಳ ಪಟ್ಟಿ ಸಾಕಾಯಿತು, ಯಾರ ಹೆಸರೂ ಬೇಕಾಗಲಿಲ್ಲ.

ಮರುದಿನದ ಪಟ್ಟಿ

ಸ್ಟೋರೇಜ್ ಪೆಟ್ಟಿಗೆಯ ಕಾಲವಲಯವನ್ನು Asia/Kolkata ಎಂದು ಬದಲಿಸಿದರೆ ಬ್ಯಾಕಪ್ ನಿಜವಾದ 5.30ಕ್ಕೆ ನಡೆಯುತ್ತದೆ. ಮುಂದೆಂದಾದರೂ ಅದು ಹಗಲಿಗೆ ಜಾರಿದರೆ ಇರಲಿ ಎಂದು ರೂಟರ್‌ನಲ್ಲಿ ಅದರ ವೇಗಕ್ಕೆ 20 ಎಂಬಿಪಿಎಸ್ ಮಿತಿ ಹಾಕಬಹುದು. ಆಗ 45 ನಿಮಿಷದ ಕೆಲಸ ಒಂದೂವರೆ ಗಂಟೆ ಆಗುತ್ತದೆ, 7 ಗಂಟೆಗೆ ಮುಗಿಯುತ್ತದೆ. ಯಾರಿಗೂ ತೊಂದರೆಯಿಲ್ಲ.

ಮರುದಿನ 11 ರಿಂದ 11.45ರ ಪಟ್ಟಿಯನ್ನು ಅದೇ ಆದೇಶದಿಂದ ಮತ್ತೆ ತೆಗೆಯಬೇಕು. 192.168.20.12 ಕಾಣಿಸಬಾರದು, ಮೊತ್ತ 3.4 ಜಿಬಿಯ ಸುತ್ತಮುತ್ತ ಇರಬೇಕು. ಸರಾಸರಿ 10 ಎಂಬಿಪಿಎಸ್ ಆಯಿತು. ಮೊತ್ತ ಅದಕ್ಕಿಂತ ಒಂದಿಷ್ಟು ಹೆಚ್ಚು ಬಂದರೆ ಗಾಬರಿ ಬೇಡ. ನಿನ್ನೆಯವರೆಗೆ ಜಾಗ ಸಿಗದೆ ಕಾಯುತ್ತಿದ್ದವರ ಕೆಲಸ ಈಗ ನಡೆಯುತ್ತಿದೆ, ಅವರ ಅಂಕಿಯೂ ಏರುತ್ತದೆ. 200 ಎಂಬಿಪಿಎಸ್ ಕೊಟೇಶನ್‌ಗೆ ಸಹಿ ಹಾಕಬೇಕೇ ಬೇಡವೇ ಎಂಬುದನ್ನು ಹೀಗೆ ಒಂದು ವಾರದ 11 ಗಂಟೆಯ ಪಟ್ಟಿಗಳನ್ನು ನೋಡಿ ಹೇಳಬಹುದು.